ಸೀರೀಸ್ ಪಾಸ್ ರೆಗ್ಯುಲೇಟರ್: ಲೈನ್ ಮತ್ತು ಲೋಡ್ ರೆಗ್ಯುಲೇಶನ್ ಅನ್ನು ನೀವೇ ಬಿಡಿಸಿ, ಅಳೆದು ನೋಡುವ ಸಮಗ್ರ ಮಾರ್ಗದರ್ಶಿ

ಎರಡು ಟ್ರಾನ್ಸಿಸ್ಟರ್, ಒಂದು ಝೀನರ್, ನಾಲ್ಕು ರೆಸಿಸ್ಟರ್. ಸರ್ಕ್ಯೂಟ್ ಇಷ್ಟೇ. ಆದರೂ ಇನ್‌ಪುಟ್ ಬದಲಾದರೆ ಔಟ್‌ಪುಟ್ ಎಷ್ಟು ಅಲುಗಾಡುತ್ತದೆ ಎಂಬ ಲೈನ್ ರೆಗ್ಯುಲೇಶನ್, ಲೋಡ್ ಬದಲಾದರೆ ಎಷ್ಟು ಅಲುಗಾಡುತ್ತದೆ ಎಂಬ ಲೋಡ್ ರೆಗ್ಯುಲೇಶನ್, ಇವೆರಡನ್ನು ಬಿಡಿಸಲು ಕೂತವರಲ್ಲಿ ಹೆಚ್ಚಿನವರು ಒಂದೇ ಜಾಗದಲ್ಲಿ ಸಿಕ್ಕಿಬೀಳುತ್ತಾರೆ. ಮೂರು ನಾಲ್ಕು ಸಮೀಕರಣ ಬರೆಯುತ್ತಾರೆ, ಯಾವುದನ್ನು ಸ್ಥಿರ ಇಡಬೇಕು ಎಂದು ಮರೆಯುತ್ತಾರೆ, ಕೊನೆಗೆ ಬಂದ ಉತ್ತರಕ್ಕೂ ಮೀಟರ್ ತೋರಿಸುವುದಕ್ಕೂ ತಾಳೆಯಾಗುವುದಿಲ್ಲ. ಕ್ರಮ ತಪ್ಪಿದ್ದೇ ಇದಕ್ಕೆ ಕಾರಣ. ಕೆಳಗಿನ ಕ್ರಮದಲ್ಲಿ ಹೋದರೆ ಒಂದೇ ಸಮೀಕರಣದಿಂದ ಎರಡೂ ಉತ್ತರ ಬರುತ್ತವೆ. ಯಾವ ಭಾಗ ಬದಲಿಸಿದರೆ ಯಾವುದು ಸುಧಾರಿಸುತ್ತದೆ ಎಂಬುದೂ ಅದರಲ್ಲೇ ಕಾಣುತ್ತದೆ.

## ಬೇಕಾಗುವ ಸಾಮಾನು

- Q1: TIP31C, ಚಿಕ್ಕ ಹೀಟ್ ಸಿಂಕ್ ಜೊತೆ
- Q2: BC547
- 5.6 ವೋಲ್ಟ್ ಝೀನರ್, ಅರ್ಧ ವಾಟ್‌ನದು
- R1 = 1.1 kΩ, R2 = 1.2 kΩ, R3 = 470 Ω, RD = 1.2 kΩ
- ಲೋಡ್‌ಗೆ 120 Ω, 5 ವಾಟ್ ರೆಸಿಸ್ಟರ್ ಎರಡು
- 15ರಿಂದ 21 ವೋಲ್ಟ್‌ವರೆಗೆ ಬದಲಿಸಬಹುದಾದ ಸಪ್ಲೈ, ಎರಡು ಡಿಜಿಟಲ್ ಮೀಟರ್

ಮೀಟರ್ ಎರಡು ಯಾಕೆ ಅಂದರೆ, ಇನ್‌ಪುಟ್ ಮತ್ತು ಔಟ್‌ಪುಟ್ ಎರಡನ್ನೂ ಒಟ್ಟಿಗೆ ನೋಡಬೇಕು. ಒಂದೇ ಮೀಟರ್ ಇಟ್ಟುಕೊಂಡು ಅಲ್ಲಿಂದಿಲ್ಲಿಗೆ ತಂತಿ ಬದಲಿಸುತ್ತಾ ಹೋದರೆ ಏಳನೇ ಹಂತದಲ್ಲಿ ಮೋಸ ಹೋಗುತ್ತೀರಿ.

## ಹಂತ 1: ಚಿತ್ರ ಬರೆದು ಹೆಸರಿಡಿ

Q1ರ ಕಲೆಕ್ಟರ್ ಇನ್‌ಪುಟ್ Vi ಕಡೆಗೆ, ಎಮಿಟರ್ ಔಟ್‌ಪುಟ್ Vo ಕಡೆಗೆ. ಲೋಡ್‌ಗೆ ಹೋಗುವ ಕರೆಂಟ್ ಎಲ್ಲಾ ಇದರೊಳಗಿಂದಲೇ ಹೋಗಬೇಕು. R3 ಅನ್ನು Vi ಇಂದ Q1ರ ಬೇಸ್‌ಗೆ ಜೋಡಿಸಿ. ಆ ಬೇಸ್ ಇರುವ ಜಾಗಕ್ಕೆ X ಎಂದು ಹೆಸರಿಡಿ. Q2ರ ಕಲೆಕ್ಟರ್ ಕೂಡ X ಗೆ ಬರುತ್ತದೆ.

Q2ರ ಎಮಿಟರ್‌ನಿಂದ ನೆಲಕ್ಕೆ ಝೀನರ್. ಅದರ ಕ್ಯಾಥೋಡ್ ಮೇಲ್ಮುಖವಾಗಿ, ಎಮಿಟರ್ ಕಡೆಗೆ ಇರಬೇಕು. Vo ಇಂದ ನೆಲಕ್ಕೆ R1, R2 ಸಾಲಾಗಿ ಬರುತ್ತವೆ, R1 ಮೇಲೆ. ಅವೆರಡರ ನಡುವಿನ ಬಿಂದು Q2ರ ಬೇಸ್‌ಗೆ. ಕೊನೆಗೆ RD ಅನ್ನು Vo ಇಂದ ಝೀನರ್‌ಗೆ ಜೋಡಿಸಿ.

ಕೆಲಸ ಹೀಗೆ ನಡೆಯುತ್ತದೆ. Vo ಸ್ವಲ್ಪ ಏರಿದರೆ Q2ರ ಬೇಸ್ ಏರುತ್ತದೆ. ಎಮಿಟರ್ ಅನ್ನು ಝೀನರ್ ಹಿಡಿದಿಟ್ಟಿರುವುದರಿಂದ Q2 ಜಾಸ್ತಿ ಕರೆಂಟ್ ಎಳೆಯುತ್ತದೆ. ಆ ಕರೆಂಟ್ R3 ಮೂಲಕವೇ ಬರಬೇಕು, ಹಾಗಾಗಿ X ಇಳಿಯುತ್ತದೆ, ಜೊತೆಗೆ Q1ರ ಎಮಿಟರ್ ಕೂಡ. Vo ತನ್ನನ್ನೇ ತಿದ್ದಿಕೊಳ್ಳುವ ಈ ಸುತ್ತೇ ಲೂಪ್.

RD ಅನ್ನು Vi ಗೆ ಕಟ್ಟುವುದು ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಹಾಗೆ ಮಾಡಿದರೆ ಇನ್‌ಪುಟ್‌ನ ಏರಿಳಿತ ನೇರವಾಗಿ ಝೀನರ್ ಮೇಲೆ ಬೀಳುತ್ತದೆ. ಲೂಪ್ ಎಷ್ಟೇ ಚೆನ್ನಾಗಿದ್ದರೂ ಇದನ್ನು ಸರಿಮಾಡಲಾರದು, ಏಕೆಂದರೆ ಅಳತೆಗೋಲೇ ಅಲುಗಾಡುತ್ತಿರುತ್ತದೆ. Vo ಇಂದ ಕೊಟ್ಟರೆ ಆ ತೊಂದರೆ ಇಲ್ಲ. ಸ್ವಿಚ್ ಹಾಕಿದಾಗ Vo ಸೊನ್ನೆಯಲ್ಲಿದ್ದರೆ ಶುರುವಾಗುತ್ತದೋ ಇಲ್ಲವೋ ಎಂಬ ಚಿಂತೆ ಬೇಡ. R3 ಮೊದಲು Q1 ಅನ್ನು ಆನ್ ಮಾಡುತ್ತದೆ.

## ಹಂತ 2: ಮೊದಲು ಡಿಸಿ, ಆಮೇಲೆ ಉಳಿದದ್ದು

ಟ್ರಾನ್ಸಿಸ್ಟರ್‌ಗಳಲ್ಲಿ ಎಷ್ಟು ಕರೆಂಟ್ ಹರಿಯುತ್ತಿದೆ ಎಂದು ಗೊತ್ತಿಲ್ಲದೆ ಗೇನ್ ಲೆಕ್ಕ ಹಾಕುವ ಹಾಗಿಲ್ಲ. ಹಾಗಾಗಿ ಡಿಸಿ ಮೊದಲು.

```
Vo = (Vz + VBE2)(1 + R1/R2)
   = (5.6 + 0.65)(1 + 1.1/1.2) ≈ 12 V
```

Q2ರ ಬೇಸ್ ಕರೆಂಟ್ R1 ಮೂಲಕ ಬರುವುದರಿಂದ ನಿಜವಾದ Vo ಒಂದಿಷ್ಟು ಮಿಲಿವೋಲ್ಟ್ ಜಾಸ್ತಿ ಇರುತ್ತದೆ. ಅದನ್ನು ಸದ್ಯಕ್ಕೆ ಬಿಡಿ.

ಈಗ Vi = 18 ವೋಲ್ಟ್, ಲೋಡ್ 100 ಮಿಲಿಆಂಪ್ ಎಂದು ಹಿಡಿಯೋಣ. R1-R2 ಜೋಡಿಗೆ ಮತ್ತು RD ಗೆ ತಲಾ ಸುಮಾರು 5 ಮಿಲಿಆಂಪ್ ಹೋಗುತ್ತದೆ. ಹಾಗಾಗಿ Q1ರ ಎಮಿಟರ್ ಕರೆಂಟ್ ಸುಮಾರು 110 ಮಿಲಿಆಂಪ್. Q1ರ ಕರೆಂಟ್ ಗೇನ್ β 60 ಆದರೆ ಬೇಸ್‌ಗೆ ಬೇಕಾಗುವುದು 1.8 ಮಿಲಿಆಂಪ್. X ಇರುವುದು 12.75 ವೋಲ್ಟ್‌ನಲ್ಲಿ. R3 ಕೊಡುವುದು (18 − 12.75)/470, ಅಂದರೆ 11.2 ಮಿಲಿಆಂಪ್. ಉಳಿದ 9.4 ಮಿಲಿಆಂಪ್ Q2ರ ಪಾಲು.

ಈ ಹಂತದಲ್ಲೇ ಇನ್ನೊಂದು ಪರೀಕ್ಷೆ ಮಾಡಬೇಕು. ಇದನ್ನು ಬಿಟ್ಟವರೇ ಜಾಸ್ತಿ. Vi ಅತಿ ಕಡಿಮೆ, ಲೋಡ್ ಅತಿ ಹೆಚ್ಚು ಇರುವಾಗ ಏನಾಗುತ್ತದೆ? 15 ವೋಲ್ಟ್‌ನಲ್ಲಿ R3 ಕೊಡುವುದು 4.8 ಮಿಲಿಆಂಪ್ ಮಾತ್ರ. 200 ಮಿಲಿಆಂಪ್ ಲೋಡ್ ಇದ್ದರೆ Q1ರ ಬೇಸ್ 3.4 ಮಿಲಿಆಂಪ್ ಕೇಳುತ್ತದೆ. Q2ಗೆ ಉಳಿಯುವುದು 1.4 ಮಿಲಿಆಂಪ್. ಸಾಕು, ಆದರೆ ಅಂಚಿನಲ್ಲಿದೆ. ನಿಮ್ಮ ಕೈಯಲ್ಲಿರುವ TIP31Cಯ β 43ಕ್ಕಿಂತ ಕೆಳಗಿದ್ದರೆ Q2ಗೆ ಏನೂ ಉಳಿಯುವುದಿಲ್ಲ. ಅದು ಆಫ್ ಆಗುತ್ತದೆ, ರೆಗ್ಯುಲೇಶನ್ ಅಲ್ಲಿಗೆ ಮುಗಿಯಿತು. ಪವರ್ ಟ್ರಾನ್ಸಿಸ್ಟರ್‌ನ β ಪೀಸಿನಿಂದ ಪೀಸಿಗೆ ಬಹಳ ಬದಲಾಗುತ್ತದೆ. ಹಾಗಾಗಿ ನಿಮ್ಮ ಪೀಸನ್ನು 200 ಮಿಲಿಆಂಪ್ ಹತ್ತಿರ ಅಳೆದು ನೋಡಿ. ಮೀಟರ್‌ನ hFE ಸಾಕೆಟ್ ತೋರಿಸುವ ಅಂಕಿ ತೀರಾ ಸಣ್ಣ ಕರೆಂಟ್‌ನಲ್ಲಿ ಅಳೆದದ್ದು, ಇಲ್ಲಿ ಅದನ್ನು ನಂಬಬೇಡಿ.

ಎಚ್ಚರಿಕೆಯ ಗುರುತು: Vi ಇಳಿಸಿದಷ್ಟೂ Vo ಅಷ್ಟಕ್ಕಷ್ಟೇ ಇಳಿಯುತ್ತಿದ್ದರೆ, ಮತ್ತು Q2ರ ಬೇಸ್-ಎಮಿಟರ್ ನಡುವೆ 0.5 ವೋಲ್ಟ್‌ಗಿಂತ ಕಡಿಮೆ ಇದ್ದರೆ, Q2 ಆಫ್ ಆಗಿದೆ. ಅಂಥ ಸ್ಥಿತಿಯಲ್ಲಿ ಮುಂದಿನ ಯಾವ ಸೂತ್ರವೂ ನಡೆಯುವುದಿಲ್ಲ.

## ಹಂತ 3: ಎರರ್ ಆಂಪ್ಲಿಫೈಯರ್ ಆದ Q2 ಅನ್ನು ಒಂದೇ ಅಂಕಿಗೆ ಇಳಿಸಿ

Vo ಚೂರು ಬದಲಾದರೆ Q2ರ ಕಲೆಕ್ಟರ್ ಕರೆಂಟ್ ಎಷ್ಟು ಬದಲಾಗುತ್ತದೆ? ಈ ಅನುಪಾತಕ್ಕೆ Gm ಎಂದು ಹೆಸರಿಡಿ. ಇದನ್ನು ಮೊದಲೇ ಬೇರೆ ಮಾಡಿಟ್ಟರೆ ಮುಂದಿನ ಲೆಕ್ಕ ನಾಲ್ಕೇ ಸಾಲಿನದು.

Vo ಬದಲಾವಣೆಯಲ್ಲಿ R2/(R1+R2) ಪಾಲು ಮಾತ್ರ Q2ರ ಬೇಸ್ ತಲುಪುತ್ತದೆ. ಆ ಪಾಲು ಮೂರು ಕಡೆ ಹಂಚಿಹೋಗುತ್ತದೆ: R1, R2 ಪ್ಯಾರಲಲ್ ಆದ ರೆಸಿಸ್ಟೆನ್ಸ್ ಮೇಲೆ, Q2ರ ಒಳಗಿನ ಎಮಿಟರ್ ರೆಸಿಸ್ಟೆನ್ಸ್ re2 ಮೇಲೆ, ಮತ್ತು ಝೀನರ್‌ನ ಡೈನಾಮಿಕ್ ರೆಸಿಸ್ಟೆನ್ಸ್ rz ಮೇಲೆ.

```
k  = R2/(R1 + R2)
Gm = k / [ (R1||R2)/β2 + re2 + rz ]
re2 = 26 mV / IC2
```

ನಮ್ಮ ಅಂಕಿಗಳನ್ನು ಹಾಕೋಣ. k = 0.522. R1||R2 = 574 Ω, β2 = 150 ಆದರೆ ಮೊದಲ ಭಾಗ 3.8 Ω. re2 = 26/9.4 = 2.8 Ω. rz ಅನ್ನು 10 Ω ಎಂದು ಹಿಡಿಯಿರಿ. ಒಟ್ಟು 16.6 Ω. ಹಾಗಾಗಿ Gm = 0.0314 A/V.

ಈ ಮೂರರಲ್ಲಿ ಯಾವುದು ದೊಡ್ಡದು ನೋಡಿ. ಝೀನರ್! ಅದನ್ನು ಆದರ್ಶ ಎಂದು ಹಿಡಿದು rz = 0 ಮಾಡಿದರೆ Gm ಎರಡೂವರೆ ಪಟ್ಟು ಹೆಚ್ಚಾಗಿ ಕಾಣುತ್ತದೆ. ಕಾಗದದ ಮೇಲಿನ ಲೆಕ್ಕ ಅಷ್ಟೊಂದು ಚೆನ್ನಾಗಿ ಬಂದು, ಬೋರ್ಡ್ ಮಾತ್ರ ಕೈಕೊಡಲು ಹೆಚ್ಚಿನ ಸಲ ಇದೇ ಕಾರಣ.

## ಹಂತ 4: ಒಂದೇ ಸಮೀಕರಣ

X ಬಿಂದುವಿಗೆ R3 ಮೂಲಕ ಬಂದ ಕರೆಂಟ್ ಎರಡು ದಾರಿಯಲ್ಲಿ ಹೋಗುತ್ತದೆ: Q1ರ ಬೇಸ್‌ಗೆ ಮತ್ತು Q2ರ ಕಲೆಕ್ಟರ್‌ಗೆ. R3ರ ಕೆಳತುದಿ ನೆಲದಲ್ಲಿಲ್ಲ. ಅದು Vo + VBE1 ನಲ್ಲಿದೆ, Vo ಜೊತೆಗೇ ಅಲುಗಾಡುತ್ತದೆ. ಬದಲಾವಣೆಗಳನ್ನಷ್ಟೇ ಬರೆದರೆ:

```
(ΔVi − ΔVo − ΔVBE1)/R3 = ΔIL/(1 + β1) + Gm·ΔVo
```

ಇಲ್ಲಿ IL ಲೋಡ್ ಕರೆಂಟ್, ΔVBE1 = re1·ΔIL, re1 = 26 mV/IE1. R1, R2, RD ಗಳಿಗೆ ಹೋಗುವ ಕರೆಂಟ್‌ನ ಬದಲಾವಣೆ ತೀರಾ ಸಣ್ಣದು, ಅದನ್ನು ಬಿಟ್ಟಿದ್ದೇವೆ. ΔVo ಇರುವುದನ್ನೆಲ್ಲ ಒಂದು ಕಡೆ ತನ್ನಿ:

```
ΔVo (1 + Gm·R3) = ΔVi − ΔIL [ R3/(1 + β1) + re1 ]
```

ಇದೇ ಮುಖ್ಯವಾದ ಸಾಲು. ಎಡಗಡೆಯ (1 + Gm·R3) ಲೂಪ್‌ನ ಶಕ್ತಿ, ಬಲಗಡೆ Vo ಅನ್ನು ಅಲುಗಾಡಿಸುವ ಎರಡು ಬೇರೆ ಬೇರೆ ಕಾರಣಗಳು. ಒಂದನ್ನು ಸ್ಥಿರ ಇಟ್ಟರೆ ಇನ್ನೊಂದರ ಉತ್ತರ ಸಿಗುತ್ತದೆ. ಮೈನಸ್ ಚಿಹ್ನೆ ಬಿಟ್ಟುಬಿಡಬೇಡಿ. ಲೋಡ್ ಏರಿದರೆ Vo ಇಳಿಯಲೇಬೇಕು. ನಿಮ್ಮ ಸೂತ್ರದಲ್ಲಿ Vo ಏರುತ್ತಿದ್ದರೆ ಮೇಲಿನ ಸಮೀಕರಣದಲ್ಲಿ ಎಲ್ಲೋ ಚಿಹ್ನೆ ತಪ್ಪಿದೆ.

## ಹಂತ 5: ಲೈನ್ ರೆಗ್ಯುಲೇಶನ್

ಲೋಡ್ ಕರೆಂಟ್ ಸ್ಥಿರ, ΔIL = 0.

```
ΔVo/ΔVi = 1/(1 + Gm·R3)
        = 1/(1 + 0.0314 × 470) = 1/15.8 ≈ 0.063
```

ಇನ್‌ಪುಟ್ ಒಂದು ವೋಲ್ಟ್ ಅಲುಗಾಡಿದರೆ ಔಟ್‌ಪುಟ್ 63 ಮಿಲಿವೋಲ್ಟ್ ಅಲುಗಾಡುತ್ತದೆ. ಚೆನ್ನಾಗಿಲ್ಲ, ಆದರೆ ಈ ಸರ್ಕ್ಯೂಟ್‌ಗೆ ಇದೇ ನಿಜವಾದ ಅಂಕಿ. Q1ರ β ಈ ಸೂತ್ರದಲ್ಲಿ ಎಲ್ಲೂ ಇಲ್ಲ ಎಂಬುದನ್ನು ಗಮನಿಸಿ.

15ರಿಂದ 21ರವರೆಗೆ ಇದೇ ಅಂಕಿಯನ್ನು ಸುಮ್ನೆ ಆರರಿಂದ ಗುಣಿಸಬೇಡಿ. Vi ಇಳಿದಾಗ IC2 ಇಳಿಯುತ್ತದೆ, re2 ಏರುತ್ತದೆ, Gm ಕಡಿಮೆಯಾಗುತ್ತದೆ. 15 ವೋಲ್ಟ್ ಹತ್ತಿರ IC2 ಬರೀ 3 ಮಿಲಿಆಂಪ್, ಅಲ್ಲಿ ಪ್ರತಿ ವೋಲ್ಟ್‌ಗೆ ಸುಮಾರು 84 ಮಿಲಿವೋಲ್ಟ್ ಬರುತ್ತದೆ. ಸೂತ್ರ ಸಣ್ಣ ಬದಲಾವಣೆಗೆ ಮಾತ್ರ. 17ರಿಂದ 19 ವೋಲ್ಟ್ ಎಂದರೆ ಸರಿ.

## ಹಂತ 6: ಲೋಡ್ ರೆಗ್ಯುಲೇಶನ್

ಈಗ Vi ಸ್ಥಿರ, ΔVi = 0. ಸಿಗುವುದು ಔಟ್‌ಪುಟ್ ರೆಸಿಸ್ಟೆನ್ಸ್ Ro.

```
Ro = −ΔVo/ΔIL = [ R3/(1 + β1) + re1 ] / (1 + Gm·R3)
   = (470/61 + 0.24) / 15.8 ≈ 0.50 Ω
```

re1 ಲೋಡ್ ಜೊತೆ ಬದಲಾಗುತ್ತದೆ. 0 ಇಂದ 200 ಮಿಲಿಆಂಪ್‌ವರೆಗಿನ ಪೂರ್ತಿ ಲೆಕ್ಕ ಬೇಕಾದರೆ VBE1ರ ಬದಲಾವಣೆಯನ್ನೇ ನೇರ ತೆಗೆದುಕೊಳ್ಳಿ. ಎಮಿಟರ್ ಕರೆಂಟ್ ಸುಮಾರು 10ರಿಂದ 210 ಮಿಲಿಆಂಪ್‌ಗೆ, ಅಂದರೆ 20 ಪಟ್ಟು ಏರುತ್ತದೆ. VBE1 ಏರುವುದು ಸುಮಾರು 78 ಮಿಲಿವೋಲ್ಟ್. ಬೇಸ್ ಕರೆಂಟ್ 3.3 ಮಿಲಿಆಂಪ್ ಏರುವುದರಿಂದ R3 ಮೇಲೆ 1.54 ವೋಲ್ಟ್. ಎರಡನ್ನೂ ಕೂಡಿಸಿ 15.8ರಿಂದ ಭಾಗಿಸಿದರೆ 103 ಮಿಲಿವೋಲ್ಟ್. 12 ವೋಲ್ಟ್‌ಗೆ ಇದು ಶೇಕಡಾ 0.86.

ಯಾರ ಪಾಲು ಎಷ್ಟು ನೋಡಿ. 103ರಲ್ಲಿ 98 ಮಿಲಿವೋಲ್ಟ್ ಬಂದಿರುವುದು Q1ರ ಬೇಸ್ ಕರೆಂಟ್‌ನಿಂದ. VBE1 ತಂದದ್ದು ಬರೀ 5.

## ಹಂತ 7: ಅಳೆಯುವಾಗ ಎರಡನ್ನೂ ಬೆರೆಸಬೇಡಿ

ಲೆಕ್ಕ ಸರಿಯಿದ್ದರೂ ಅಳತೆ ತಾಳೆಯಾಗದೇ ಇರುವುದು ಹೆಚ್ಚಾಗಿ ಇಲ್ಲಿ. ಟ್ರಾನ್ಸ್‌ಫಾರ್ಮರ್, ಬ್ರಿಡ್ಜ್, ಕೆಪಾಸಿಟರ್ ಇರುವ ಸಪ್ಲೈ ಇಟ್ಟುಕೊಂಡಿದ್ದರೆ ಲೋಡ್ ಹಾಕಿದ ತಕ್ಷಣ Vi ತಾನೇ ಇಳಿಯುತ್ತದೆ. ಆ ಸಪ್ಲೈಗೆ ರೆಸಿಸ್ಟೆನ್ಸ್ ρ ಇದೆ ಎನ್ನಿ. ಆಗ ΔVi = −ρ·ΔIL. ಇದನ್ನು ಮುಖ್ಯ ಸಮೀಕರಣಕ್ಕೆ ಹಾಕಿದರೆ:

```
Ro(ಅಳತೆ) = [ ρ + R3/(1 + β1) + re1 ] / (1 + Gm·R3)
```

ρ = 5 Ω ಆದರೆ 0.50 Ω ಇದ್ದದ್ದು 0.82 Ω ಎಂದು ಕಾಣುತ್ತದೆ. ನೀವು ಅಳೆದದ್ದು ಲೋಡ್ ರೆಗ್ಯುಲೇಶನ್ ಒಂದನ್ನೇ ಅಲ್ಲ, ಲೈನ್ ರೆಗ್ಯುಲೇಶನ್ ಕೂಡ ಅದರೊಳಗೆ ಸೇರಿಕೊಂಡಿದೆ. ಹಾಗಾಗಿ ಲೋಡ್ ಹಾಕಿದ ಮೇಲೆ ಮೊದಲ ಮೀಟರ್ ನೋಡಿ Vi ಅನ್ನು ಮತ್ತೆ ಸರಿಯಾಗಿ 18 ವೋಲ್ಟ್‌ಗೆ ತನ್ನಿ. ಆಮೇಲೆ ಎರಡನೇ ಮೀಟರ್‌ನಲ್ಲಿ Vo ಓದಿ.

ಕ್ರಮ ಹೀಗಿರಲಿ. ಲೈನ್‌ಗೆ: ಒಂದು 120 Ω ಲೋಡ್ ಹಾಕಿ, Vi 17 ಮಾಡಿ Vo ಬರೆದುಕೊಳ್ಳಿ, 19 ಮಾಡಿ ಮತ್ತೆ ಬರೆದುಕೊಳ್ಳಿ. ವ್ಯತ್ಯಾಸ 125 ಮಿಲಿವೋಲ್ಟ್ ಆಸುಪಾಸು ಬರಬೇಕು. ಲೋಡ್‌ಗೆ: ಲೋಡ್ ಇಲ್ಲದೆ ಒಂದು ಓದು, ಎರಡೂ 120 Ω ಪ್ಯಾರಲಲ್ ಹಾಕಿ ಇನ್ನೊಂದು ಓದು, ಎರಡೂ ಸಲ Vi 18.

ಓದುವುದು ಬೇಗ ಆಗಲಿ. ಬಿಸಿಯಾದಾಗ Q2ರ VBE ಪ್ರತಿ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ, ಅದು ಔಟ್‌ಪುಟ್‌ನಲ್ಲಿ ಹೆಚ್ಚುಕಡಿಮೆ ಎರಡು ಪಟ್ಟಾಗಿ ಕಾಣುತ್ತದೆ. Q1ರ ಹೀಟ್ ಸಿಂಕ್ ಪಕ್ಕದಲ್ಲೇ Q2 ಕೂತಿದ್ದರೆ ಕೆಲವು ನಿಮಿಷಗಳಲ್ಲಿ Vo ಜಾರುತ್ತದೆ. ಲೋಡ್ ಬದಲಿಸಿದ ಕ್ಷಣ ಒಮ್ಮೆ ಜಿಗಿದು ನಿಂತರೆ ಅದು ಲೋಡ್ ರೆಗ್ಯುಲೇಶನ್. ಆಮೇಲೆ ನಿಧಾನವಾಗಿ ಜಾರುತ್ತಾ ಹೋದರೆ ಅದು ಬಿಸಿ. ಎರಡನ್ನೂ ಕೂಡಿಸಿ ಬರೆದುಕೊಳ್ಳಬೇಡಿ.

21 ವೋಲ್ಟ್, 200 ಮಿಲಿಆಂಪ್‌ನಲ್ಲಿ Q1 ಸುಮಾರು 1.9 ವಾಟ್ ಸುಡುತ್ತದೆ. ಹೀಟ್ ಸಿಂಕ್ ಇಲ್ಲದೆ ಇದು ಅದರ ಮಿತಿಗೆ ತಾಗುತ್ತದೆ. ಈ ಸರ್ಕ್ಯೂಟ್‌ನಲ್ಲಿ ಕರೆಂಟ್ ಲಿಮಿಟ್ ಇಲ್ಲ, ಔಟ್‌ಪುಟ್ ಶಾರ್ಟ್ ಆದರೆ Q1 ಹೋಗಬಹುದು. ಪರೀಕ್ಷೆ ಮಾಡುವಾಗ ಸಪ್ಲೈಯ ಕರೆಂಟ್ ಲಿಮಿಟ್ ಅನ್ನು 300 ಮಿಲಿಆಂಪ್‌ಗೆ ಇಡಿ.

## ಹಂತ 8: ಯಾವುದಕ್ಕೆ ಯಾವ ಮದ್ದು

ಲೈನ್ ಸೂತ್ರವನ್ನೂ ಲೋಡ್ ಸೂತ್ರವನ್ನೂ ಪಕ್ಕಪಕ್ಕ ಇಟ್ಟು ನೋಡಿ. Gm·R3 ಒಂದಕ್ಕಿಂತ ಬಹಳ ದೊಡ್ಡದಾದರೆ ಹೀಗಾಗುತ್ತದೆ:

```
ಲೈನ್:  ΔVo/ΔVi ≈ 1/(Gm·R3)
ಲೋಡ್:  Ro ≈ 1/[Gm(1 + β1)] + re1/(Gm·R3)
```

ಲೋಡ್ ಸೂತ್ರದ ಮೊದಲ ಭಾಗದಲ್ಲಿ R3 ಇಲ್ಲವೇ ಇಲ್ಲ! R3 ಹೆಚ್ಚಿಸಿದರೆ ಲೂಪ್ ಗೇನ್ ಹೆಚ್ಚುತ್ತದೆ, ಆದರೆ ಬೇಸ್ ಕರೆಂಟ್‌ನಿಂದಾಗುವ ಇಳಿತವೂ ಅಷ್ಟೇ ಹೆಚ್ಚುತ್ತದೆ. ಒಂದಕ್ಕೊಂದು ವಜಾ.

ಇದನ್ನು ಅಂಕಿಯಲ್ಲಿ ನೋಡೋಣ. R3 ಜಾಗದಲ್ಲಿ 5 ಮಿಲಿಆಂಪ್ ಕೊಡುವ ಕಾನ್ಸ್ಟಂಟ್ ಕರೆಂಟ್ ಸೋರ್ಸ್ ಹಾಕಿ: ಒಂದು ಪಿಎನ್‌ಪಿ ಟ್ರಾನ್ಸಿಸ್ಟರ್, ಎರಡು ಡಯೋಡ್, ಎಮಿಟರ್‌ನಲ್ಲಿ 130 Ω, ಡಯೋಡ್‌ಗಳಿಂದ ನೆಲಕ್ಕೆ 4.7 kΩ. ಬದಲಾವಣೆಗೆ ಇದು ತೋರಿಸುವ ರೆಸಿಸ್ಟೆನ್ಸ್ ಅನ್ನು 20 kΩ ಎಂದು ಹಿಡಿಯಿರಿ. 100 ಮಿಲಿಆಂಪ್ ಲೋಡ್‌ನಲ್ಲಿ Q2ಗೆ ಈಗ 3.2 ಮಿಲಿಆಂಪ್ ಮಾತ್ರ ಸಿಗುತ್ತದೆ, Gm 0.024ಕ್ಕೆ ಇಳಿಯುತ್ತದೆ. ಆದರೂ ಲೈನ್ ಅನುಪಾತ 0.063ರಿಂದ 0.002ಕ್ಕೆ ಬಂತು, ಮೂವತ್ತು ಪಟ್ಟು ಸುಧಾರಣೆ. Ro? ಅದು 0.50 ಇಂದ 0.69 Ωಗೆ ಹೋಯಿತು. ಕೆಟ್ಟಿತು! ಕರೆಂಟ್ ಸೋರ್ಸ್ ಹಾಕಿಯೂ ಲೋಡ್‌ಗೆ ಔಟ್‌ಪುಟ್ ಕುಸಿಯುತ್ತಿದೆ ಎಂದು ತಲೆ ಕೆಡಿಸಿಕೊಳ್ಳುವವರಿಗೆ ಉತ್ತರ ಇಲ್ಲಿದೆ.

ಈಗ ಉಲ್ಟಾ ಮಾಡಿ. R3 = 470 Ω ಹಾಗೇ ಇರಲಿ. Q1 ಮುಂದೆ ಇನ್ನೊಂದು ಟ್ರಾನ್ಸಿಸ್ಟರ್ ಸೇರಿಸಿ ಡಾರ್ಲಿಂಗ್ಟನ್ ಮಾಡಿ. ಅದರ β 100 ಆದರೆ ಒಟ್ಟು β ಸುಮಾರು 6000. ಎರಡು ಟ್ರಾನ್ಸಿಸ್ಟರ್‌ಗಳ re ಸೇರಿ 0.48 Ω ಆಗುತ್ತದೆ.

```
Ro ≈ (470/6000 + 0.48) / 15.9 ≈ 0.035 Ω
```

ಲೋಡ್ ರೆಗ್ಯುಲೇಶನ್ 14 ಪಟ್ಟು ಸುಧಾರಿಸಿತು, ಲೈನ್ ಇದ್ದಲ್ಲೇ ಉಳಿಯಿತು. X ಈಗ 13.4 ವೋಲ್ಟ್‌ಗೆ ಏರುವುದರಿಂದ Vi ಕಡೆ ಅಷ್ಟು ಜಾಗ ಕಡಿಮೆಯಾಗುತ್ತದೆ ಎಂಬುದನ್ನು ಮರೆಯಬೇಡಿ. ಇನ್ನು ಅಳತೆಯ ವಿಷಯ. 0 ಇಂದ 200 ಮಿಲಿಆಂಪ್‌ಗೆ ಈಗ ಬರುವ ಇಳಿತ 11 ಮಿಲಿವೋಲ್ಟ್ ಆಸುಪಾಸು. ಮೂರೂವರೆ ಅಂಕಿಯ ಮೀಟರ್‌ನ 20 ವೋಲ್ಟ್ ರೇಂಜ್‌ನಲ್ಲಿ ಕಾಣುವ ಅತಿ ಸಣ್ಣ ಮೆಟ್ಟಿಲೇ 10 ಮಿಲಿವೋಲ್ಟ್. ಇನ್ನೊಂದು ಸ್ಥಿರವಾದ 12 ವೋಲ್ಟ್ ಸಪ್ಲೈಯ ಮೈನಸ್ ಅನ್ನು ಇದರ ಮೈನಸ್‌ಗೆ ಸೇರಿಸಿ, ಎರಡು ಪ್ಲಸ್‌ಗಳ ನಡುವಿನ ವ್ಯತ್ಯಾಸವನ್ನು ಮಿಲಿವೋಲ್ಟ್ ರೇಂಜ್‌ನಲ್ಲಿ ಓದಿ.

ಕರೆಂಟ್ ಸೋರ್ಸ್, ಡಾರ್ಲಿಂಗ್ಟನ್ ಎರಡನ್ನೂ ಒಟ್ಟಿಗೆ ಹಾಕಿದರೆ Ro ಸುಮಾರು 7 ಮಿಲಿಓಮ್‌ಗೆ ಇಳಿಯುತ್ತದೆ. ಅಷ್ಟು ಕೆಳಗೆ ಬಂದಾಗ ತಂತಿಯೇ ದೊಡ್ಡದಾಗುತ್ತದೆ. ಅರ್ಧ ಚದರ ಮಿಲಿಮೀಟರ್ ತಾಮ್ರದ ತಂತಿ 20 ಸೆಂಟಿಮೀಟರ್ ಇದ್ದರೆ ಅದೇ 7 ಮಿಲಿಓಮ್. R1ರ ಮೇಲ್ತುದಿಯನ್ನು Q1ರ ಎಮಿಟರ್ ಹತ್ತಿರ ಬೆಸುಗೆ ಹಾಕಿದ್ದರೆ, ಅಲ್ಲಿಂದ ಟರ್ಮಿನಲ್‌ವರೆಗಿನ ತಂತಿ ಲೂಪ್‌ನ ಹೊರಗೆ ಉಳಿಯುತ್ತದೆ, ಅದರ ಇಳಿತವನ್ನು ಯಾರೂ ತಿದ್ದುವುದಿಲ್ಲ. ಹಾಗಾಗಿ R1ರ ಮೇಲ್ತುದಿಯಿಂದ ಔಟ್‌ಪುಟ್ ಪ್ಲಸ್ ಟರ್ಮಿನಲ್‌ಗೆ ಬೇರೆಯದೇ ತಂತಿ ಎಳೆಯಿರಿ. R2 ಮತ್ತು ಝೀನರ್‌ನ ಕೆಳತುದಿಗಳನ್ನು ಮೈನಸ್ ಟರ್ಮಿನಲ್‌ಗೆ ಸೇರಿಸಿ. ಮೀಟರ್‌ನ ಕಡ್ಡಿಗಳನ್ನೂ ಅಲ್ಲೇ ಇಡಿ, ಲೋಡ್ ತಂತಿಯ ಆ ತುದಿಯಲ್ಲಲ್ಲ.